ಹೋರಿ ಹಬ್ಬದ ಸ್ಲೈಡುಗಳಿಗೆ ಇಸವಿ ಹುಡುಕಿದ್ದು

ನಮ್ಮದು ಹಾವೇರಿ ತಾಲ್ಲೂಕಿನ ಒಂದು ಹಳ್ಳಿ. ದೀಪಾವಳಿ ಪಾಡ್ಯದ ದಿನ ಕೊಬ್ಬರಿ ಸರ ಕಟ್ಟಿದ ಹೋರಿಗಳನ್ನು ಓಡಿಸುವ ಕೊಬ್ಬರಿ ಹೋರಿ ಹಬ್ಬ ಅಜ್ಜನ ಕಾಲದಿಂದ ಈವರೆಗೆ ಹೇಗೆ ಬದಲಾಯಿತು ಅಂತ ಇನ್‌ಸ್ಟಾಗ್ರಾಮ್‌ಗೆ ಒಂದು ಕ್ಯಾರೊಸೆಲ್ ಮಾಡಿದೆ. ಒಂದು ಸ್ಲೈಡಿಗೆ ಒಂದು ಇಸವಿ, ಕೆಳಗೆ ಎರಡು ಸಾಲು. ಡಿಸೈನ್ ಕಷ್ಟವಾಗಲಿಲ್ಲ. ಜಾಸ್ತಿ ಹೊತ್ತು ತಿಂದಿದ್ದು ಇಸವಿಗಳೇ.

ಯಾಕೆಂದರೆ ಊರಲ್ಲಿ ಯಾರೂ ಇಸವಿಯಲ್ಲಿ ನೆನಪಿಡುವುದಿಲ್ಲ. "ಅದು ಯಾವಾಗ ಆಯ್ತಜ್ಜಾ?" ಅಂತ ಕೇಳಿದರೆ "ಭಾಳ ವರ್ಷ ಆತವ್ವಾ" ಅನ್ನುತ್ತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಹಾಗಾಗಿ ಇಸವಿ ಕೇಳುವುದನ್ನೇ ಬಿಟ್ಟೆ. ಆ ವರ್ಷ ಮತ್ತೇನಾಗಿತ್ತು, ಮನೆಯಲ್ಲಿ ಯಾರ ಮದುವೆ ಆಗಿತ್ತು, ಮಗ ಎಷ್ಟನೇ ಇಯತ್ತೆ ಓದುತ್ತಿದ್ದ ಅಂತ ಕೇಳತೊಡಗಿದೆ.

ಪರಊರಿನ ಹೋರಿಗಳು ನಮ್ಮೂರಿಗೆ ಬರತೊಡಗಿದ್ದು ಯಾವಾಗ ಅನ್ನುವುದನ್ನೇ ನೋಡಿ. ಅದಕ್ಕೂ ಮೊದಲು ಊರಿನ ಹೋರಿಗಳು ಮಾತ್ರ ಓಡುತ್ತಿದ್ದವು. ನಮ್ಮ ಓಣಿಯ ಒಬ್ಬ ಅಜ್ಜ ಹೇಳಿದರು: "ಇಂದಿರಾ ಗಾಂಧಿ ಸತ್ತ ವರ್ಷ ನೋಡವ್ವಾ. ಹಬ್ಬ ಆಗಿ ವಾರಕ್ಕ ರೇಡಿಯೋದಾಗ ಸುದ್ದಿ ಬಂತು." ಇಂಥ ಮಾತನ್ನು ಪರೀಕ್ಷೆ ಮಾಡಬಹುದು. ಇಂದಿರಾ ಗಾಂಧಿ ಹತ್ಯೆಯಾಗಿದ್ದು 1984ರ ಅಕ್ಟೋಬರ್ 31ಕ್ಕೆ. ಹಳೆಯ ಪಂಚಾಂಗ ನೋಡಿದರೆ ಆ ವರ್ಷದ ದೀಪಾವಳಿ ಅಮಾವಾಸ್ಯೆ ಅಕ್ಟೋಬರ್ 24. ಅಜ್ಜನ ವಾರದ ಲೆಕ್ಕ ಸರಿಯಾಗಿ ಕೂತಿತು.

ಆದರೆ ಇನ್ನೊಬ್ಬ ಅಜ್ಜ ಒಪ್ಪಲಿಲ್ಲ. ಅದಕ್ಕೂ ಮೊದಲೇ, ಗುಂಡೂರಾವ್ ಮುಖ್ಯಮಂತ್ರಿ ಇದ್ದಾಗಲೇ ಬಂದಿದ್ದವು ಅಂದರು. ಅಂದರೆ 1980ರಿಂದ 1983ರ ಜನವರಿ ಒಳಗೆ. ಯಾರ ಮಾತು ಹಿಡಿಯಬೇಕು? ಯೋಚಿಸಿದರೆ ಇಬ್ಬರ ಮಾತಿಗೂ ಜಗಳವೇ ಇಲ್ಲ. 1984ರಲ್ಲಿ ಪರಊರ ಹೋರಿ ಬಂದಿತ್ತು ಅನ್ನುವುದಕ್ಕೆ ಮೊದಲ ಅಜ್ಜ ಸಾಕ್ಷಿ. ಅದೇ ಮೊದಲ ಸಲ ಅನ್ನುವುದಕ್ಕೆ ಅವರು ಸಾಕ್ಷಿಯಲ್ಲ. ದೊಡ್ಡ ಸುದ್ದಿಯ ವರ್ಷಕ್ಕೆ ಆಚೀಚಿನ ನೆನಪುಗಳೂ ಬಂದು ಅಂಟಿಕೊಳ್ಳುತ್ತವೆ, ಅಲ್ವಾ? ಸ್ಲೈಡಿನಲ್ಲಿ "1984ರ ಹೊತ್ತಿಗೆ" ಅಂತ ಬರೆದೆ. "ಮೊದಲ ಬಾರಿಗೆ" ಅನ್ನುವ ಮಾತನ್ನು ಇಡೀ ಕ್ಯಾರೊಸೆಲ್‌ನಲ್ಲಿ ಎಲ್ಲೂ ಬಳಸಲಿಲ್ಲ.

ಕಾಗದ ಸಿಕ್ಕರೆ ಕೆಲಸ ಹಗುರ. ಒಬ್ಬರ ತಿಜೋರಿಯಲ್ಲಿ ಹಬ್ಬದ ಒಂದು ಹ್ಯಾಂಡ್‌ಬಿಲ್ ಸಿಕ್ಕಿತು. ಬಹುಮಾನದ ಪಟ್ಟಿಯಲ್ಲಿ ಸ್ಟೀಲ್ ಕೊಡ, ತಾಮ್ರದ ಹಂಡೆ ಇದ್ದವು. ಇಸವಿ ಮಾತ್ರ ಹರಿದುಹೋಗಿತ್ತು. ಉಳಿದಿದ್ದು "ಧಾತು ಸಂವತ್ಸರ, ಕಾರ್ತಿಕ ಶುದ್ಧ ಪಾಡ್ಯ" ಅನ್ನುವ ಸಾಲು. ಸಂವತ್ಸರಗಳು ಅರವತ್ತು, ಪ್ರಭವದಿಂದ ಶುರು. ಈಗಿನ ಸುತ್ತಿನ ಪ್ರಭವ ಬಂದಿದ್ದು 1987ರ ಯುಗಾದಿಗೆ. ಧಾತು ಹತ್ತನೆಯದು, ಹಾಗಾಗಿ 1996ರ ಯುಗಾದಿಯಿಂದ ಮುಂದಿನ ಯುಗಾದಿವರೆಗೆ. ಕಾರ್ತಿಕ ಪಾಡ್ಯ ಅಂದರೆ ಆ ವರ್ಷದ ನವೆಂಬರ್. ಕೆಳಗೆ ಊರಿನ ಹೆಸರಿನ ಮುಂದೆ "ಜಿ. ಧಾರವಾಡ" ಅಂತಲೂ ಇತ್ತು. ಹಾವೇರಿ ಬೇರೆ ಜಿಲ್ಲೆ ಆಗಿದ್ದು 1997ರಲ್ಲಿ. ಎರಡೂ ಲೆಕ್ಕ ಕೂಡಿದ್ದರಿಂದ ಈ ಸ್ಲೈಡಿಗೆ "1996" ಅಂತ ಯಾವ ಅಳುಕೂ ಇಲ್ಲದೆ ಹಾಕಿದೆ. ಹಳೆಯ ಕಾಗದದಲ್ಲಿ ಶಾಲಿವಾಹನ ಶಕೆ ಇದ್ದರೆ ಇನ್ನೂ ಸುಲಭ. ದೀಪಾವಳಿಯ ಕಾಗದಕ್ಕೆ 78 ಕೂಡಿಸಿದರೆ ಇಸವಿ ಸಿಗುತ್ತದೆ.

ಫೋಟೋ ಮೂಲೆಯಲ್ಲಿ ಕಿತ್ತಳೆ ಬಣ್ಣದಲ್ಲಿ ಅಚ್ಚಾದ ತಾರೀಖನ್ನು ಸುಮ್ನೆ ನಂಬಬಾರದು. ಕ್ಯಾಮೆರಾದಲ್ಲಿ ದಿನಾಂಕ ಸರಿ ಹೊಂದಿಸದಿದ್ದರೆ ಅದು ಏನನ್ನೋ ಅಚ್ಚು ಹಾಕುತ್ತದೆ. ಪಾಡ್ಯ ಬರುವುದು ಅಕ್ಟೋಬರ್ ನಡುವಿನಿಂದ ನವೆಂಬರ್ ನಡುವಿನವರೆಗೆ. ಪಾಡ್ಯದ ದಿನದ ಫೋಟೋದಲ್ಲಿ ಜನವರಿ ಅಂತ ಇದ್ದರೆ ಇಸವಿಯನ್ನೂ ಬಿಟ್ಟುಬಿಡುವುದು ಒಳ್ಳೆಯದು.

ಇಸವಿಯೇ ಇಲ್ಲದ ಬದಲಾವಣೆ ಒಂದಿತ್ತು. ನನ್ನ ಪ್ರಕಾರ ಅದೇ ಎಲ್ಲಕ್ಕಿಂತ ದೊಡ್ಡದು. 1960ರ ದಶಕದ ಸ್ಲೈಡಿಗೆ ಮಾತಾಡಿದ ಅಜ್ಜಿ ಹೇಳಿದ್ದು, ಹೊಲದಲ್ಲಿ ದುಡಿಯುವ ಜೋಡಿಯೇ ಹಬ್ಬದ ದಿನ ಓಡುತ್ತಿತ್ತು. ಹಿಂದಿನ ರಾತ್ರಿ ಹೆಂಗಸರು ಕೊಬ್ಬರಿ ಬಟ್ಟಲು ಪೋಣಿಸಿ ಸರ ಮಾಡುತ್ತಿದ್ದರು. ಓಡುವಾಗ ಹುಡುಗರು ಹರಿದುಕೊಂಡ ಕೊಬ್ಬರಿಯೇ ಬಹುಮಾನ. "ಮರುದಿನ ಮತ್ತ ಅದೇ ಎತ್ತು ಗಳೇಕ್ಕ" ಅಂದರು. ಟ್ರ್ಯಾಕ್ಟರ್ ಬಂದ ಮೇಲೆ ಮನೆಮನೆಯಲ್ಲಿ ಎತ್ತು ಮಾರಿದರು. ಹೋರಿ ಉಳಿದಿದ್ದು ಹಬ್ಬಕ್ಕಾಗಿಯೇ ಸಾಕುವವರ ಮನೆಯಲ್ಲಿ. ದುಡಿಯದ ಹೋರಿಗೆ ಹೆಸರು ಬಂತು, ಅಭಿಮಾನಿ ಬಳಗ ಬಂತು, ಫ್ಲೆಕ್ಸ್ ಬಂತು, ಬಹುಮಾನಕ್ಕೆ ಬೈಕ್ ಬಂತು. ಪಾಡ್ಯದ ಒಂದು ದಿನ ಸಾಲದೆ ದೀಪಾವಳಿ ಕಳೆದು ತಿಂಗಳುಗಟ್ಟಲೆ ಊರೂರಲ್ಲಿ ಸ್ಪರ್ಧೆ ನಡೆಯತೊಡಗಿತು.

ಇದಕ್ಕೆ ಒಂದೇ ಇಸವಿ ಹಾಕಿದರೆ ಅದು ಸುಳ್ಳು. ನಮ್ಮ ಓಣಿಯಲ್ಲಿ ಯಾವ ಮನೆಯವರು ಎತ್ತು ಯಾವಾಗ ಮಾರಿದರು ಅಂತ ಕೇಳಿ ಬರೆದುಕೊಂಡೆ. ಮೊದಲಿನವರು 1995ರ ಸುಮಾರಿಗೆ, ಕೊನೆಯವರು 2010ರ ಸುಮಾರಿಗೆ. ಸ್ಲೈಡಿನ ಮೇಲೆ "1995–2010" ಅಂತಲೇ ಹಾಕಿ, ಕೆಳಗೆ "ಎತ್ತು ಹೋದವು, ಹೋರಿ ಉಳಿಯಿತು" ಅಂತ ಬರೆದೆ.

ಕೋರ್ಟಿನ ವಿಷಯದಲ್ಲಿ ತೊಂದರೆ ಬೇರೆ. ಅಲ್ಲಿ ಇಸವಿಗಳು ಪಕ್ಕಾ, ಆದರೆ ಒಂದೊಂದಕ್ಕೂ ಒಂದು ಸ್ಲೈಡ್ ಕೊಟ್ಟರೆ ಹಬ್ಬದ ಅರ್ಧ ಇತಿಹಾಸ ಕಳೆದ ಹತ್ತು ವರ್ಷದ್ದೇ ಅನ್ನಿಸುತ್ತದೆ. ಮೂರನ್ನೂ ಒಂದೇ ಸ್ಲೈಡಿಗೆ ತಂದೆ. 2014ರಲ್ಲಿ ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ಮತ್ತು ಎತ್ತಿನಗಾಡಿ ಓಟ ಕೂಡದು ಅಂದಿತು. 2017ರಲ್ಲಿ ಕರ್ನಾಟಕ ಕಂಬಳ ಮತ್ತು ಹೋರಿ, ಎತ್ತಿನಗಾಡಿ ಓಟಗಳಿಗಾಗಿ ಕಾನೂನು ತಿದ್ದಿತು. 2023ರಲ್ಲಿ ಕೋರ್ಟ್ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಗೆಳೆಯನೊಬ್ಬ "2014: ಹೋರಿ ಹಬ್ಬ ಬಂದ್" ಅಂತ ಹಾಕು, ಜನ ನಿಂತು ಓದ್ತಾರೆ ಅಂದ. ಆ ತೀರ್ಪು ಬಂದಿದ್ದು ನಮ್ಮ ಹಬ್ಬದ ಕೇಸಿನಲ್ಲಲ್ಲ. ಅದರ ಬಿಸಿ ನಮಗೆ ತಟ್ಟಿದ್ದು ಅನುಮತಿ ಕೇಳಲು ಹೋದಾಗ. ಅಷ್ಟನ್ನೇ ಬರೆದೆ.

ಸ್ಲೈಡಿನ ಅಳತೆ ಅಗಲ 1080, ಎತ್ತರ 1350 ಪಿಕ್ಸೆಲ್. ಇಸವಿ ಮೇಲೆ ದಪ್ಪಗೆ. ಕಾಗದ ಇರುವ ಇಸವಿಗೆ ಗಟ್ಟಿ ಬಣ್ಣ, ನೆನಪಿನಿಂದ ಬಂದದ್ದಕ್ಕೆ ತಿಳಿ ಬಣ್ಣ, ಪಕ್ಕದಲ್ಲಿ "ಅಂದಾಜು". ಕನ್ನಡದ ಒತ್ತಕ್ಷರಗಳು ಕೆಳಗೆ ಇಳಿಯುವುದರಿಂದ ಸಾಲಿನ ನಡುವಿನ ಜಾಗ ಒಂದೂವರೆ ಪಟ್ಟು ಇಟ್ಟೆ. ಕಡಿಮೆ ಮಾಡಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಸಣ್ಣ ಫೋನಿನಲ್ಲಿ ಅದು ಗೊತ್ತಾಗಿಬಿಡುತ್ತದೆ.

ಊರಿನವರು ಇದನ್ನು ನೋಡುವುದು ಇನ್‌ಸ್ಟಾಗ್ರಾಮ್‌ನಲ್ಲಿ ಅಲ್ಲ, ವಾಟ್ಸಾಪ್‌ನಲ್ಲಿ. ಅಲ್ಲಿ ಸ್ಲೈಡುಗಳು ಒಂದೊಂದಾಗಿ ಬೇರೆಯಾಗಿ ಹರಿದಾಡುತ್ತವೆ. 1996ರ ಸ್ಲೈಡ್ ಒಂದೇ ಯಾರಿಗೋ ತಲುಪಿದರೂ ಅರ್ಥವಾಗಬೇಕು. ಅದಕ್ಕೇ ಪ್ರತಿ ಸ್ಲೈಡಿನ ಕೆಳಗೆ ಊರಿನ ಹೆಸರು, ಹಬ್ಬದ ಹೆಸರು, ಎಷ್ಟನೇ ಸ್ಲೈಡ್ ಅನ್ನುವುದನ್ನು ಸಣ್ಣದಾಗಿ ಹಾಕಿದೆ. ಕೊನೆಯ ಸ್ಲೈಡಿಗೆ "ಈಗ" ಅನ್ನುವ ಬದಲು "2025" ಅಂತ ಕೊಟ್ಟೆ. ಇನ್ನೈದು ವರ್ಷ ಬಿಟ್ಟು ಯಾರೋ ಫಾರ್ವರ್ಡ್ ಮಾಡಿದಾಗ "ಈಗ" ಅಂದರೆ ಯಾವಾಗ ಅಂತ ಅವರು ಮತ್ತೆ ಅಜ್ಜಂದಿರನ್ನು ಕೇಳುವಂತಾಗಬಾರದು.