140 ದಿನದ ಸ್ಟ್ರೀಕ್, ಒಂದು ನಿಮಿಷದ ಮಾತು

ಸಿದ್ದಾಪುರದ ಹತ್ತಿರ ನಮ್ಮದು ಚಿಕ್ಕ ಕಾಫಿ ತೋಟ. ಕೊಯ್ಲಿಗೆ ಬರುವವರಲ್ಲಿ ಈಗ ಅಸ್ಸಾಮಿನವರೇ ಜಾಸ್ತಿ. ಅವರ ಜೊತೆ ಮಾತಾಡಲು ಹಿಂದಿ ಬೇಕಿತ್ತು. 'ಮೂರೇ ತಿಂಗಳಲ್ಲಿ ಸರಾಗವಾಗಿ ಮಾತಾಡಿ' ಅಂದ ಒಂದು ಆ್ಯಪ್ ಹಾಕಿಕೊಂಡೆ. 140 ದಿನ ಒಂದು ದಿನವೂ ತಪ್ಪಿಸಲಿಲ್ಲ. ಹೀಗೆ ಬಿಡದೆ ಮಾಡಿದ ದಿನಗಳ ಲೆಕ್ಕಕ್ಕೇ ಆ್ಯಪ್‌ನಲ್ಲಿ ಸ್ಟ್ರೀಕ್ ಅನ್ನುವುದು.

ಡಿಸೆಂಬರ್‌ನಲ್ಲಿ ಅರೇಬಿಕಾ ಕೊಯ್ಲು ಶುರುವಾಯಿತು. ಕೆಂಪು ಹಣ್ಣು ಮಾತ್ರ ಕೊಯ್ಯಿರಿ, ಹಸಿರು ಬಿಡಿ ಅಂತ ಹೇಳಬೇಕು. ಬಾಯಿಗೇ ಬರಲಿಲ್ಲ. ಲಾಲ್, ಹರಾ, ತೋಡ್‌ನಾ, ಛೋಡ್‌ನಾ, ಎಲ್ಲ ಪದವೂ ಗೊತ್ತಿತ್ತು. ತುಂಬಾ ಬೇಜಾರಾಯಿತು.

ಆ ರಾತ್ರಿ ಆ್ಯಪ್ ತೆರೆದು, ನಾನು ಅದರಲ್ಲಿ ನಿಜವಾಗಿ ಏನು ಮಾಡುತ್ತಿದ್ದೇನೆ ಅಂತ ಗಮನಿಸಿದೆ. ಪದಗಳು ಪರದೆಯ ಮೇಲೇ ಇರುತ್ತವೆ, ನಾನು ಜೋಡಿಸುತ್ತೇನೆ. 'ಮೈನೇ ಕಾಮ್ ಕಿಯಾ' ಎಂಬಲ್ಲಿ 'ಮೈನೇ' ಕಣ್ಣೆದುರಿಗೇ ಇರುವುದರಿಂದ ಸರಿಯಾಗುತ್ತದೆ. ಸುಮ್ನೆ ಮಾತಾಡುವಾಗ 'ಮೈ ಕಾಮ್ ಕಿಯಾ' ಅಂತ ತಪ್ಪಾಗಿ ಅಂದುಬಿಡುತ್ತಿದ್ದೆ. ನೋಡಿ ಗುರುತಿಸುವುದು ಬೇರೆ, ತಾನಾಗಿ ನೆನಪಿಗೆ ತರುವುದು ಬೇರೆ ಅಲ್ವಾ? ಸ್ಟ್ರೀಕ್ ಹೇಳುವುದು ನಾನು ದಿನಾ ಒಂದು ಪಾಠ ಮುಗಿಸಿದೆ ಅಂತ ಮಾತ್ರ. ಪಾಯಿಂಟ್ ಬೇಕೆಂದು ಎಷ್ಟೋ ರಾತ್ರಿ ಹಳೇ ಸುಲಭದ ಪಾಠವನ್ನೇ ಮತ್ತೆ ಮಾಡಿದ್ದೆ.

ಹಾಗಾಗಿ ಬೇರೆ ಅಳತೆ ಇಟ್ಟುಕೊಂಡೆ. ಎರಡು ವಾರಕ್ಕೊಂದು ಭಾನುವಾರ, 'ಇವತ್ತು ತೋಟದಲ್ಲಿ ಏನಾಯಿತು' ಅಂತ ಒಂದು ನಿಮಿಷ ಹಿಂದಿಯಲ್ಲಿ ಮಾತಾಡಿ ಫೋನಿನಲ್ಲಿ ರೆಕಾರ್ಡ್ ಮಾಡುವುದು. ಬರೆದಿಟ್ಟುಕೊಂಡು ಓದುವಂತಿಲ್ಲ. ಆಮೇಲೆ ಕೇಳಿ ಎರಡು ಎಣಿಸುವುದು: ಹಿಂದಿ ಪದ ಎಷ್ಟು, ಮೂರು ಸೆಕೆಂಡಿಗಿಂತ ಉದ್ದದ ತಡೆ ಎಷ್ಟು. ಮೊದಲ ಸಲ 31 ಪದ, ಏಳು ತಡೆ. ಎರಡು ವಾರ ಆ್ಯಪ್ ಮಾತ್ರ ಮಾಡಿದ ಮೇಲೆ 34 ಪದ, ಏಳೇ ತಡೆ. ಪಾಯಿಂಟ್ ಮಾತ್ರ ಸಾವಿರ ದಾಟಿತ್ತು.

ಆಮೇಲೆ ರೀತಿ ಬದಲಿಸಿದೆ. ಆ್ಯಪ್ ಬಿಡಲಿಲ್ಲ, ಹತ್ತು ನಿಮಿಷಕ್ಕೆ ಇಳಿಸಿದೆ. ಪದಗಳನ್ನು ಕೈಯಿಂದ ಮುಚ್ಚಿ, ವಾಕ್ಯವನ್ನು ಮೊದಲು ಜೋರಾಗಿ ಹೇಳಿ, ಆಮೇಲೆ ಕೈ ತೆಗೆಯುತ್ತಿದ್ದೆ. ಸಂಜೆ ಚಹಾ ಹೊತ್ತಿಗೆ ಕೆಲಸದವರು ಇರುವ ಲೈನ್ ಮನೆಯವರ ಜೊತೆ ಕಾಲು ಗಂಟೆ ಕೂತು ಮಾತಾಡುತ್ತಿದ್ದೆ. ಆರು ವಾರಕ್ಕೆ 72 ಪದ, ಎರಡು ತಡೆ.

ಈ ಲೆಕ್ಕಕ್ಕೂ ಮಿತಿ ಇದೆ. ಒಂದೇ ವಿಷಯ ಮಾತಾಡಿದರೆ ಅದು ಬಾಯಿಪಾಠ ಆಗುತ್ತದೆ. ಒಂದು ಭಾನುವಾರ ವಿಷಯ ಬದಲಿಸಿ ನಮ್ಮನೆ ಮದುವೆ ಬಗ್ಗೆ ಮಾತಾಡಿದೆ, 45 ಪದಕ್ಕೆ ಇಳಿಯಿತು. ನನ್ನ ನಿಜವಾದ ಮಟ್ಟ ಅದೇ ಅಂತ ಬರೆದಿಟ್ಟುಕೊಂಡೆ. ಮಾತಿನಲ್ಲಿ ತಪ್ಪು ಎಷ್ಟಿದೆ ಅನ್ನುವುದೂ ಪದದ ಎಣಿಕೆಯಲ್ಲಿ ಕಾಣುವುದಿಲ್ಲ.

ಈಗ ಯಾವ ಆ್ಯಪ್ ಏನೇ ಹೇಳಿದರೂ ಮೊದಲು ನೋಡುವುದು ಇಷ್ಟು: ಕಲಿತವರನ್ನು ಮಾತಾಡಿಸಿ ಪರೀಕ್ಷಿಸಿದ್ದಾರಾ, ಇಲ್ಲಾ ಓದಿಸಿ ಕೇಳಿಸಿಯೇ 'ಎ2 ಮಟ್ಟ', ಅಂದರೆ ದಿನಬಳಕೆಯ ಸರಳ ಭಾಷೆ ಬರುವ ಮಟ್ಟ, ಅಂದಿದ್ದಾರಾ? ಅರ್ಧಕ್ಕೆ ಬಿಟ್ಟವರೂ ಲೆಕ್ಕದಲ್ಲಿ ಇದ್ದಾರಾ?

ಮೊನ್ನೆ ಬೆಳಗ್ಗೆ 'ಸಿರ್ಫ್ ಲಾಲ್ ತೋಡ್‌ನಾ, ಹರಾ ಛೋಡ್ ದೇನಾ' ಅಂದೆ. 'ಠೀಕ್ ಹೈ ದೀದಿ' ಅಂದು ಹೋದರು. ಸಂಜೆ ಚೀಲ ಸುರಿದು ನೋಡಿದರೆ ಹಸಿರು ಕಾಯಿ ಒಂದು ಹಿಡಿಯಷ್ಟೂ ಇರಲಿಲ್ಲ.