ಓದುಗರ ಫೋನಿನಲ್ಲಿ ನನ್ನ ಹೆಸರು ಏನಂತ ಇದೆ?

ನನ್ನ ಪ್ರಬಂಧಗಳ ಪುಸ್ತಕ ಅಚ್ಚಿಗೆ ಹೋಗುವ ಒಂದು ವರ್ಷ ಮೊದಲು ನಾನು ಹನ್ನೆರಡು ಜನರಿಗೆ ಒಂದೇ ಪ್ರಶ್ನೆ ಕೇಳಿದೆ. "ನಿಮ್ಮ ಫೋನಿನಲ್ಲಿ ನನ್ನ ನಂಬರನ್ನು ಯಾವ ಹೆಸರಲ್ಲಿ ಸೇವ್ ಮಾಡಿಟ್ಟಿದ್ದೀರಿ?" ಎಲ್ಲರೂ ಆಗೀಗ ನನ್ನ ಬರಹ ಓದುವವರೇ. ಐದು ಜನರ ಫೋನಿನಲ್ಲಿ ನಾನು "ಸೊಸೈಟಿ ಅಕ್ಕೋರು". ಕುಮಟಾ ಹತ್ತಿರದ ಒಂದು ಸೊಸೈಟಿಯಲ್ಲಿ ನನಗೆ ಲೆಕ್ಕ ಬರೆಯುವ ಕೆಲಸ, ಹಾಗಾಗಿ. ಮೂವರಲ್ಲಿ ಬರೀ ಹೆಸರು. ಇಬ್ಬರಲ್ಲಿ "ಕವನ ಮೇಡಂ". ಒಬ್ಬರು ಸೇವ್ ಮಾಡಿರಲೇ ಇಲ್ಲ. ಮಿರ್ಜಾನ್ ಕಡೆಯ ಒಬ್ಬರು ಮಾತ್ರ "ಗಜನಿ ಅಕ್ಕ" ಎಂದು ಹಾಕಿಕೊಂಡಿದ್ದರು.

ಆ ಒಂದು ಹೆಸರು ನೋಡಿ ನನಗೆ ದಾರಿ ಕಂಡಿತು.

ಅಲ್ಲಿಯವರೆಗೆ ನಾನು ಫೇಸ್‌ಬುಕ್‌ನಲ್ಲಿ ಎಲ್ಲವನ್ನೂ ಬರೆಯುತ್ತಿದ್ದೆ. ಒಂದು ದಿನ ಮಳೆಯ ಕವನ, ಮರುದಿನ ಯುಗಾದಿ ಶುಭಾಶಯ, ಆಮೇಲೆ ಬೆಂಗಳೂರಿಗೆ ಹೋಗಿಬಂದ ಕಥೆ. ಲೈಕು ಬರುತ್ತಿದ್ದವು. ಆದರೆ "ಅವರು ಏನು ಬರೀತಾರೆ?" ಎಂದು ಯಾರನ್ನಾದರೂ ಕೇಳಿದ್ದರೆ ಉತ್ತರ ಸಿಗುತ್ತಿರಲಿಲ್ಲ. ಮಿರ್ಜಾನಿನವರು ಓದಿದ್ದು ಕಗ್ಗದ ಬಗ್ಗೆ ಬರೆದ ಒಂದೇ ಒಂದು ಬರಹ. ಅಘನಾಶಿನಿ ಹೊಳೆಯ ಉಪ್ಪುನೀರು ಬಂದುಹೋಗುವ ಗಜನಿ ಗದ್ದೆಯಲ್ಲಿ ಬೆಳೆಯುವ ಭತ್ತ ಅದು. ಗೊಬ್ಬರ ಬೇಡ, ಉಪ್ಪು ತಡೆಯುತ್ತದೆ. ಕೊಯ್ಲಾದ ಮೇಲೆ ಅದೇ ಗದ್ದೆಗೆ ನೀರು ಬಿಟ್ಟು ಸಿಗಡಿ, ಮೀನು ಹಿಡಿಯುತ್ತಾರೆ. ಆ ನೀರನ್ನು ಒಳಗೆ ಬಿಡುವ, ಹೊರಗೆ ಕಳಿಸುವ ಮರದ ಬಾಗಿಲಿಗೆ ಜಂತ್ರಡಿ ಎನ್ನುತ್ತಾರೆ. ಅಜ್ಜನ ಜೊತೆ ಹೋಗಿ ಆ ಹಲಗೆ ಎತ್ತಿದ ರಾತ್ರಿಯನ್ನು ನಾನು ಬರೆದಿದ್ದೆ. ಅದನ್ನು ಬರೆಯಲು ನಾನು ಯಾರನ್ನೂ ಕೇಳಬೇಕಾಗಿರಲಿಲ್ಲ.

ಮೊದಲ ಪುಸ್ತಕ ಬರೆಯುವವರಿಗೆ ನಾನು ಹೇಳುವುದು ಇದನ್ನೇ. "ಲೇಖಕಿ" ಎಂದು ಯಾರೂ ನಂಬರ್ ಸೇವ್ ಮಾಡಿಕೊಳ್ಳುವುದಿಲ್ಲ. ಒಂದು ವಿಷಯದ ಜೊತೆ ಸೇರಿಸಿ ನೆನಪಿಟ್ಟುಕೊಳ್ಳುತ್ತಾರೆ. ಆ ವಿಷಯ ಯಾವುದು ಎನ್ನುವುದು ನಿಮ್ಮ ಹಳೆಯ ಬರಹಗಳಲ್ಲೇ ಎಲ್ಲೋ ಇರುತ್ತದೆ. ಓದುಗರು ಅದನ್ನು ನಿಮಗಿಂತ ಮೊದಲು ಹಿಡಿದಿರುತ್ತಾರೆ.

ಅಂದಿನಿಂದ ಪ್ರತಿ ಭಾನುವಾರ ಬೆಳಿಗ್ಗೆ ಒಂದು ಬರಹ, ಹೊಳೆ ಮತ್ತು ಗಜನಿ ಬಗ್ಗೆ ಮಾತ್ರ. ಮುನ್ನೂರು ಪದ ದಾಟುವುದಿಲ್ಲ. ಬೇರೆ ಏನಾದರೂ ಬರೆಯಬೇಕು ಅನಿಸಿದರೆ ಡೈರಿಯಲ್ಲಿ ಬರೆದಿಟ್ಟೆ.

ಹೆಸರಿನ ವಿಷಯವನ್ನೂ ಆಗಲೇ ಸರಿಮಾಡಿದೆ. ಫೇಸ್‌ಬುಕ್‌ನಲ್ಲಿ ಗಂಡನ ಮನೆ ಹೆಸರು, ಪತ್ರಿಕೆಗೆ ಕಳಿಸಿದ ಬರಹದಲ್ಲಿ ತವರಿನ ಹೆಸರು, ಕವಿಗೋಷ್ಠಿಯ ಆಮಂತ್ರಣ ಪತ್ರದಲ್ಲಿ ಅವರಿಗೆ ತೋಚಿದ್ದು. ನಮ್ಮ ಜಿಲ್ಲೆಯಲ್ಲಿ ನಾಯ್ಕ ಬೇರೆ, ನಾಯಕ ಬೇರೆ. ಒಂದಕ್ಷರ ತಪ್ಪಿದರೆ ಬೇರೆ ಮನೆಯವರೇ ಆಗಿಬಿಡುತ್ತೇವೆ, ಅಲ್ವಾ? ಹುಡುಕುವವರಿಗೆ ನಾನು ಮೂರು ಜನರಾಗಿ ಸಿಗುತ್ತಿದ್ದೆ. ಒಂದೇ ಹೆಸರು, ಒಂದೇ ಅಕ್ಷರಜೋಡಣೆ, ಒಂದೇ ಫೋಟೋ ಇಟ್ಟುಕೊಂಡೆ. ಪುಸ್ತಕದ ಮುಖಪುಟಕ್ಕೂ ಅದೇ ಹೋಯಿತು. "ಗಜನಿ" ಎಂದಷ್ಟೇ ಹುಡುಕಿದರೆ ಅದೇ ಹೆಸರಿನ ಸಿನಿಮಾ ಬರುತ್ತದೆ. ಅದಕ್ಕೇ ಎಲ್ಲ ಕಡೆ "ಗಜನಿ ಗದ್ದೆ" ಎಂದೇ ಬರೆದೆ.

ಪರಿಚಯದ ಸಾಲನ್ನೂ ಬದಲಿಸಿದೆ. ಮೊದಲು ಹೀಗಿತ್ತು: "ವಾಣಿಜ್ಯ ಪದವೀಧರೆ, ಹವ್ಯಾಸಿ ಬರಹಗಾರ್ತಿ, ಹಲವು ಕವಿಗೋಷ್ಠಿಗಳಲ್ಲಿ ಭಾಗವಹಿಸಿದ್ದಾರೆ." ಈಗ ಹೀಗಿದೆ: "ಅಘನಾಶಿನಿ ದಂಡೆಯ ಗಜನಿ ಗದ್ದೆ ಬದಿಯಲ್ಲಿ ಬೆಳೆದವರು. ಉಪ್ಪುನೀರು, ಕಗ್ಗದ ಭತ್ತ ಮತ್ತು ಅಲ್ಲಿಯ ಜನರ ಬಗ್ಗೆ ಬರೆಯುತ್ತಾರೆ." ಮೊದಲನೆಯದರಲ್ಲಿ ಇದ್ದದ್ದೆಲ್ಲ ನಿಜವೇ. ಆದರೆ ಅದನ್ನು ಓದಿ ಪುಸ್ತಕ ತೆರೆಯಲು ಯಾರಿಗೂ ಕಾರಣ ಸಿಗುತ್ತಿರಲಿಲ್ಲ.

ಇನ್ನು ಓದುಗರ ಪಟ್ಟಿಯ ವಿಷಯ. ನಾನು ಎಡವಿದ್ದು ಇಲ್ಲೇ.

ಫೇಸ್‌ಬುಕ್‌ನಲ್ಲಿ ಬರೆದದ್ದು ಯಾರಿಗೆ ಕಾಣುತ್ತದೆ ಎನ್ನುವುದು ನಮ್ಮ ಕೈಯಲ್ಲಿಲ್ಲ. ಅದಕ್ಕೆ ಪ್ರತಿ ಬರಹದ ಕೊನೆಗೆ "ಭಾನುವಾರದ ಬರಹ ವಾಟ್ಸಾಪ್‌ಗೆ ಬೇಕಿದ್ದರೆ ಊರಿನ ಹೆಸರು ಬರೆದು ಮೆಸೇಜ್ ಮಾಡಿ" ಎಂದು ಹಾಕುತ್ತಿದ್ದೆ. ಗ್ರೂಪ್ ಮಾಡಲಿಲ್ಲ. ಗ್ರೂಪಿನಲ್ಲಿ ಎರಡೇ ದಿನಕ್ಕೆ ಗುಡ್ ಮಾರ್ನಿಂಗ್ ಹೂವುಗಳು ತುಂಬಿಕೊಳ್ಳುತ್ತವೆ, ಬರಹ ಅಡಿಗೆ ಹೋಗುತ್ತದೆ. ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿದೆ. ಅದರಲ್ಲಿ ಒಬ್ಬೊಬ್ಬರಿಗೂ ಬೇರೆಯಾಗಿ ಹೋಗುತ್ತದೆ, ಉತ್ತರ ನನಗೆ ಮಾತ್ರ ಬರುತ್ತದೆ. ಒಂದು ಲಿಸ್ಟಿಗೆ 256 ಜನ ಹಿಡಿಯುತ್ತಾರೆ. ನನಗೆ ಅಷ್ಟು ಸಾಕಾಗಿತ್ತು.

140 ಜನ ಸೇರಿದ ಮೇಲೆ "ಪುಸ್ತಕ ಬರ್ತಾ ಇದೆ" ಎಂದು ಕಳಿಸಿದೆ. ಉತ್ತರ ಬಂದದ್ದು ಬೆರಳೆಣಿಕೆಯಷ್ಟು. ಎರಡು ದಿನ ಬೇಜಾರಲ್ಲೇ ಕಳೆಯಿತು. ಆಮೇಲೆ ಆ ಮೆಸೇಜನ್ನು ಒತ್ತಿಹಿಡಿದು ಅದರ ಮಾಹಿತಿ ನೋಡಿದೆ. ತಲುಪಿದ್ದು 61 ಜನರಿಗೆ ಮಾತ್ರ. ಬ್ರಾಡ್‌ಕಾಸ್ಟ್ ತಲುಪಬೇಕಾದರೆ ಅವರ ಫೋನಿನಲ್ಲಿ ನಮ್ಮ ನಂಬರ್ ಸೇವ್ ಆಗಿರಲೇಬೇಕು. ನಾವು ಅವರದನ್ನು ಸೇವ್ ಮಾಡಿಕೊಂಡರೆ ಸಾಲದು. ಉಳಿದ 79 ಜನ ತಾವೇ ಕೇಳಿ ಸೇರಿದವರೇ, ಆದರೆ ವಾರಗಟ್ಟಲೆ ಅವರಿಗೆ ಏನೂ ಹೋಗಿರಲಿಲ್ಲ. ಇವಳು ನಿಲ್ಲಿಸಿಬಿಟ್ಟಳು ಅಂದುಕೊಂಡಿದ್ದರು.

ಅವರಿಗೆ ಒಬ್ಬೊಬ್ಬರಿಗೇ ಬರೆದೆ. ಮೂರು ಸಂಜೆ ಹಿಡಿಯಿತು. "ನನ್ನ ನಂಬರನ್ನು 'ಗಜನಿ ಅಕ್ಕ' ಎಂದು ಸೇವ್ ಮಾಡಿಕೊಳ್ಳಿ, ಆಗ ಭಾನುವಾರದ ಬರಹ ಬರುತ್ತದೆ" ಎಂದು ಹೇಳಿದೆ. ಬೇಕಂತಲೇ ಆ ಹೆಸರು ಕೊಟ್ಟೆ. ಮುಂದಿನ ವಾರ 118 ಜನರಿಗೆ ತಲುಪಿತು. ಅಲ್ಲಿಂದ ಪ್ರತಿ ತಿಂಗಳು ಒಮ್ಮೆ ಈ ಸಂಖ್ಯೆ ನೋಡುವ ಅಭ್ಯಾಸ ಮಾಡಿಕೊಂಡೆ. ಲೈಕಿನ ಲೆಕ್ಕ ನೋಡುವುದನ್ನು ಬಿಟ್ಟೇಬಿಟ್ಟೆ.

ಜೊತೆಗೆ ಸೊಸೈಟಿಯ ಖಾತೆ ಪುಸ್ತಕದ ಹಾಗೆ ಒಂದು ನೋಟ್‌ಬುಕ್ ಇಟ್ಟೆ. ಹೆಸರು, ಊರು, ಯಾವ ಬರಹ ಓದಿ ಬಂದರು, ಉತ್ತರ ಬರೆದರಾ. ನಾಲ್ಕೇ ಕಾಲಂ. ಮೂರನೆಯ ಕಾಲಂ ತುಂಬಾ ಕಲಿಸಿತು. ಕಗ್ಗದ ಬರಹದಿಂದ ಬಂದವರು, ಜಂತ್ರಡಿಯ ರಾತ್ರಿ ಓದಿ ಬಂದವರು, ಹೊಳೆ ದಾಟುವ ದೋಣಿಯ ಬರಹದಿಂದ ಬಂದವರು ಪುಟ ತುಂಬ ಇದ್ದರು. ಬೆಂಗಳೂರಿನ ಬರಹಗಳಿಂದ ಬಂದವರು ಒಬ್ಬರೂ ಇಲ್ಲ. ಹಸ್ತಪ್ರತಿಯಲ್ಲಿ ಅಂಥ ಏಳು ಪ್ರಬಂಧಗಳಿದ್ದವು. ಏಳನ್ನೂ ತೆಗೆದೆ. ಎರಡು ನನಗೆ ತುಂಬಾ ಇಷ್ಟವಾದವು, ತೆಗೆಯುವಾಗ ಸಂಕಟವಾಯಿತು. ಆದರೆ ಓದುಗರು ಯಾವುದಕ್ಕಾಗಿ ಬಂದರೋ ಅದು ಪುಸ್ತಕದಲ್ಲಿ ಗಟ್ಟಿಯಾಗಿ ಇರಬೇಕು ಎನ್ನುವುದು ನನ್ನ ತೀರ್ಮಾನ.

ಹಾಗಾಗಿ ಪುಸ್ತಕ 128 ಪುಟಕ್ಕೆ ಬಂತು. ಡೆಮಿ ಅಳತೆ, ಹದಿನಾರು ಪುಟದ ಎಂಟು ಫಾರಂ. ನಾನೇ ಪ್ರಕಾಶಕಿ. ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್‌ಗೆ ಆನ್‌ಲೈನಿನಲ್ಲಿ ಅರ್ಜಿ ಹಾಕಿದರೆ ನಮ್ಮ ದೇಶದಲ್ಲಿ ಉಚಿತವಾಗಿ ಸಿಗುತ್ತದೆ. ಅದಕ್ಕೆ ಯಾರಿಗೂ ದುಡ್ಡು ಕೊಡಬೇಡಿ. ಪುಟವಿನ್ಯಾಸ, ಮುಖಪುಟ, 500 ಪ್ರತಿಯ ಮುದ್ರಣ ಎಲ್ಲ ಸೇರಿ ನನಗೆ 38,000 ರೂಪಾಯಿ ಆಯಿತು. ಪ್ರತಿಗೆ 76. ಬೆಲೆ 160 ಇಟ್ಟೆ.

ಪಟ್ಟಿಯ ಬೆಲೆ ಏನು ಎನ್ನುವುದು ಇಲ್ಲಿ ಕಾಣುತ್ತದೆ. ನಾನು ಕೊಟ್ಟ ಅಂಗಡಿಗಳಿಗೆ 40 ಪರ್ಸೆಂಟ್ ಬಿಡಬೇಕಿತ್ತು, ಕೈಗೆ 96 ರೂಪಾಯಿ. ಅದೂ ಮಾರಾಟವಾದ ಎಷ್ಟೋ ತಿಂಗಳಿಗೆ. ನೇರವಾಗಿ ಓದುಗರಿಗೆ ಕಳಿಸಿದರೆ ಅಂಚೆ ಖರ್ಚು ನನ್ನದು. 2025ರ ಮೇ ತಿಂಗಳಿಂದ ಅಂಚೆ ಇಲಾಖೆಯಲ್ಲಿ ಪುಸ್ತಕಗಳಿಗೆ ಜ್ಞಾನ ಪೋಸ್ಟ್ ಎಂಬ ಸೇವೆ ಇದೆ. 300 ಗ್ರಾಂವರೆಗೆ 20 ರೂಪಾಯಿ, ಮೇಲೆ ತೆರಿಗೆ. ನನ್ನ ಪುಸ್ತಕ ರಟ್ಟು, ಕವರು ಸೇರಿ ಇನ್ನೂರು ಗ್ರಾಂ ಆಸುಪಾಸು, ಸಲೀಸಾಗಿ ಹೋಯಿತು. ಅದು ರಸ್ತೆ, ರೈಲಿನಲ್ಲಿ ಹೋಗುವುದರಿಂದ ನಿಧಾನ, ಆದರೆ ಎಲ್ಲಿದೆ ಎಂದು ನೋಡಬಹುದು. ಪುಸ್ತಕದಲ್ಲಿ ಪ್ರಕಾಶಕರ ಅಥವಾ ಮುದ್ರಕರ ಹೆಸರು ಇರಲೇಬೇಕು, ಜಾಹೀರಾತು ಇರಬಾರದು. ಅಂಚೆ, ಕವರಿಗೆ 30 ರೂಪಾಯಿ ಹಿಡಿದರೂ ನನಗೆ 130 ಉಳಿಯಿತು. ಅಂದರೆ ನೇರವಾಗಿ 293 ಪ್ರತಿ ಹೋದರೆ ಹಾಕಿದ ದುಡ್ಡು ವಾಪಸ್. ಅಂಗಡಿಯಿಂದಲೇ ಆಗಬೇಕು ಅಂದರೆ 396 ಪ್ರತಿ ಹೋಗಬೇಕು.

ಮುದ್ರಣಕ್ಕೆ ಕೊಡುವ ಮೊದಲು ಒಂದು ತಿಂಗಳು ಮುಂಗಡ ತೆಗೆದುಕೊಂಡೆ. ಅಷ್ಟೊತ್ತಿಗೆ ಪಟ್ಟಿ 210ಕ್ಕೆ ಬಂದಿತ್ತು. 164 ಪ್ರತಿಗೆ ದುಡ್ಡು ಬಂತು. ಅದರಲ್ಲಿ 20 ಪ್ರತಿ ಮುಂಬೈಯಲ್ಲಿರುವ ಕುಮಟಾ ಕಡೆಯ ಒಬ್ಬರದೇ, ನೆಂಟರಿಗೆ ಹಂಚಲು. ಮುಂಗಡ ಕೇಳುವ ಮೆಸೇಜಿನಲ್ಲಿ "ದಯವಿಟ್ಟು ಬೆಂಬಲಿಸಿ" ಎಂದು ಬರೆಯಲಿಲ್ಲ. ಜಂತ್ರಡಿಯ ಪ್ರಬಂಧದ ಮೊದಲ ಪುಟ ಹಾಕಿದೆ. ಕೆಳಗೆ ಬೆಲೆ, ಪುಸ್ತಕ ಕೈಸೇರುವ ತಾರೀಕು ಹಾಕಿದೆ. ತಾರೀಕು ಎರಡು ವಾರ ತಪ್ಪಿತು. ತಪ್ಪುತ್ತದೆ ಎಂದು ಗೊತ್ತಾದ ದಿನವೇ ಎಲ್ಲರಿಗೂ ಹೇಳಿದ್ದರಿಂದ ಯಾರೂ ದುಡ್ಡು ವಾಪಸ್ ಕೇಳಲಿಲ್ಲ.

ಪುಸ್ತಕ ಬಂದ ಮೇಲೆ ಎರಡು ಕಡೆ ಕಾರ್ಯಕ್ರಮ ಆಯಿತು. ಪೇಟೆಯ ಸಭಾಭವನದಲ್ಲಿ ಶಾಲು, ಹಾರ, ಐದು ಭಾಷಣ. ಹೋದದ್ದು 9 ಪ್ರತಿ. ಹೊಳೆ ಬದಿಯ ಶಾಲೆಯ ಜಗಲಿಯಲ್ಲಿ ಯಾರೂ ಭಾಷಣ ಮಾಡಲಿಲ್ಲ. ನಾನು ಎರಡು ಪ್ರಬಂಧ ಓದಿದೆ. ಓದುತ್ತಿರುವಾಗಲೇ ಒಬ್ಬ ಅಜ್ಜ ನಡುವೆ ತಡೆದು, "ತಂಗಿ, ಹಲಗೆ ಎತ್ತೂದು ಉಬ್ಬರಕ್ಕಲ್ಲ, ಇಳಿತಕ್ಕೆ" ಎಂದರು. ನೀರು ಹೊರಬಿಟ್ಟು ಮೀನು ಹಿಡಿಯುವ ಭಾಗ ಅದು, ಅವರು ಹೇಳಿದ್ದೇ ಸರಿ. ನಾನು ಅಲ್ಲೇ ಎಲ್ಲರೆದುರು ಪ್ರತಿಯಲ್ಲಿ ತಿದ್ದಿದೆ. ಉಳಿದ ಪ್ರತಿಗಳಿಗೆ ತಿದ್ದುಪಡಿ ಚೀಟಿ ಅಂಟಿಸಿದೆ, ಆಗಲೇ ಕೊಂಡವರಿಗೆ ವಾಟ್ಸಾಪ್‌ನಲ್ಲಿ ತಿಳಿಸಿದೆ. ಅಂದು ಅಲ್ಲಿ 46 ಪ್ರತಿ ಹೋದವು. ಆ ಅಜ್ಜನ ಮೊಮ್ಮಗನೇ ಮೂರು ತೆಗೆದುಕೊಂಡ. ಗಜನಿಯವಳು ಎಂದು ಹೇಳಿಕೊಂಡು ಗಜನಿಯ ಮಾತೇ ತಪ್ಪಾದರೆ ಆ ಹೆಸರು ನಿಲ್ಲುವುದಿಲ್ಲ. ಅಚ್ಚಿಗೆ ಮೊದಲೇ ಅಂಥ ಇಬ್ಬರಿಗೆ ಓದಿ ಹೇಳಬೇಕಿತ್ತು.

ಈ ದಾರಿ ಎಲ್ಲಿಯವರೆಗೆ ಬರುತ್ತದೆ ಎನ್ನುವುದೂ ಗೊತ್ತಾಗಿದೆ. ನಾಲ್ಕು ತಿಂಗಳಲ್ಲಿ 388 ಪ್ರತಿ ಹೋದವು. ಅದರಲ್ಲಿ ಅಂಗಡಿಯಿಂದ ಹೋದದ್ದು 41. ಆಮೇಲೆ ವಾರಕ್ಕೆ ಒಂದೋ ಎರಡೋ. ನನ್ನ ಪಟ್ಟಿಯವರೆಲ್ಲ ಕೊಂಡಾಗಿದೆ. ಘಟ್ಟದ ಮೇಲೆ, ಶಿರಸಿ ಕಡೆ ಓದುಗರು ಸಿಗಬೇಕಾದರೆ ಬರೀ ಗಜನಿ ಎಂದರೆ ಸಾಲದು, ಅವರಿಗೆ ಅದು ದೂರದ್ದು. ಶಿರಸಿಯ ಒಬ್ಬ ಅಡಿಕೆ ಬೆಳೆಗಾರರು ಪುಸ್ತಕ ಓದಿ ಮೆಸೇಜ್ ಮಾಡಿದ್ದರು. ಅವರನ್ನೂ ಅದೇ ಪ್ರಶ್ನೆ ಕೇಳಿದೆ. "ಉಪ್ಪುನೀರ ಭತ್ತದವರು" ಎಂದು ಸೇವ್ ಮಾಡಿಕೊಂಡಿದ್ದಾರಂತೆ. ಘಟ್ಟದ ಮೇಲಿನವರಿಗೆ ಬರೆಯುವಾಗ ಈಗ ಆ ಮಾತನ್ನೇ ಮೊದಲ ಸಾಲಿಗೆ ಹಾಕುತ್ತೇನೆ.

ಉಳಿದ 112 ಪ್ರತಿ ಮಂಚದ ಕೆಳಗೆ ಪ್ಲಾಸ್ಟಿಕ್ ಹಾಳೆ ಸುತ್ತಿ ಇಟ್ಟಿದ್ದೇನೆ. ಕರಾವಳಿಯ ಮಳೆಗಾಲದ ತೇವಕ್ಕೆ ಹಾಳೆ ಉಬ್ಬುತ್ತದೆ, ಮುಖಪುಟ ಸುರುಳಿಯಾಗುತ್ತದೆ. ಜೂನ್ ಬರುವ ಮೊದಲು ಅರ್ಧದಷ್ಟಾದರೂ ಘಟ್ಟ ಹತ್ತಿಸಬೇಕು.