ಒಂದು ಹೊತ್ತಿನ ಊಟಕ್ಕೆ ಗ್ಯಾಸ್ ಎಷ್ಟು, ಕರೆಂಟ್ ಎಷ್ಟು? ನಮ್ಮನೆಯ ಲೆಕ್ಕ

ಬೆಂಗಳೂರಿನ ನಮ್ಮನೆಯಲ್ಲಿ ನಾಲ್ಕು ಜನಕ್ಕೆ ಅನ್ನ, ಬೇಳೆಸಾರು, ಹುರುಳಿಕಾಯಿ ಪಲ್ಯ ಮಾಡಿದರೆ ಎಷ್ಟು ರೂಪಾಯಿಯ ಗ್ಯಾಸ್ ಹೋಗುತ್ತದೆ? ಅದೇ ಅಡುಗೆ ಇಂಡಕ್ಷನ್ ಮೇಲಾದರೆ ಎಷ್ಟು? 2025ರಲ್ಲಿ ನಾನೇ ತೂಗಿ, ಅಳೆದು ನೋಡಿದೆ.

ಗ್ಯಾಸ್ ಅಳೆಯುವುದು ಸ್ವಲ್ಪ ಕಷ್ಟ. ತುಂಬಿದ ಸಿಲಿಂಡರ್ ಸುಮಾರು 30 ಕಿಲೋ ಇರುತ್ತದೆ, ಅದರಲ್ಲಿ ಗ್ಯಾಸ್ 14.2 ಕಿಲೋ. ಒಂದು ಊಟಕ್ಕೆ ಖರ್ಚಾಗುವ ಕೆಲವೇ ಗ್ರಾಂ ಮನೆಯ ತಕ್ಕಡಿಗೆ ಗೊತ್ತೇ ಆಗುವುದಿಲ್ಲ. ಹಾಗಾಗಿ ಕೆಲವು ದಿನ ಮಧ್ಯಾಹ್ನದ ಇದೇ ಅಡುಗೆಗೆ ಮಾತ್ರ ಆ ಸಿಲಿಂಡರ್ ಬಳಸಿದೆ. ಮೊದಲು ಮತ್ತು ಕೊನೆಗೆ, ರೆಗ್ಯುಲೇಟರ್ ಬಿಚ್ಚಿ ತೂಗಿದೆ. ವ್ಯತ್ಯಾಸವನ್ನು ಊಟದ ಲೆಕ್ಕಕ್ಕೆ ಹಂಚಿದಾಗ ಒಂದಕ್ಕೆ ಸುಮಾರು 90 ಗ್ರಾಂ ಬಂತು.

ಆಗ ಸಿಲಿಂಡರ್ ಬೆಲೆ ₹855.50. ಮೇಲೆ ಹೊತ್ತು ತಂದವರಿಗೆ ಕೊಡುವ ₹40 ಸೇರಿಸಿದರೆ ಕಿಲೋಗೆ ₹63 ಬೀಳುತ್ತದೆ. ಅಂದರೆ ಊಟಕ್ಕೆ ₹5.70.

ಕರೆಂಟ್ ಲೆಕ್ಕ ಸುಲಭ. ಪ್ಲಗ್‌ಗೂ ಒಲೆಗೂ ಮಧ್ಯೆ ಸಿಕ್ಕಿಸುವ ಚಿಕ್ಕ ಮೀಟರ್ ಸಿಗುತ್ತದೆ. 16 ಆಂಪ್‌ನದ್ದೇ ತೆಗೆದುಕೊಳ್ಳಿ. 2000 ವಾಟ್ ಒಲೆ ಸುಮಾರು 9 ಆಂಪ್ ಎಳೆಯುತ್ತದೆ. 6 ಆಂಪ್ ಸಾಕೆಟ್‌ಗೆ ಹಾಕಿದರೆ ಪಿನ್ ಬಿಸಿಯಾಗಿ ಪ್ಲಾಸ್ಟಿಕ್ ಕರಗಬಹುದು. ಅದೇ ಊಟಕ್ಕೆ ಮೀಟರ್ ತೋರಿಸಿದ್ದು ಮುಕ್ಕಾಲು ಯೂನಿಟ್. ಆ ವರ್ಷದ ಮನೆಬಳಕೆ ದರ ಯೂನಿಟ್‌ಗೆ ₹5.80. ಅದಕ್ಕೆ 9% ತೆರಿಗೆ, 36 ಪೈಸೆ ಸರ್ಚಾರ್ಜ್ ಸೇರಿ ಸುಮಾರು ₹6.70. ಊಟಕ್ಕೆ ಐದು ರೂಪಾಯಿ.

ಇಷ್ಟೇನಾ ಅನ್ನಿಸಿತು. ವ್ಯತ್ಯಾಸ ಬರೀ 70 ಪೈಸೆ! ಪಾತ್ರೆ ಬದಲಾದರೆ ಅದೂ ಉಳಿಯುವುದಿಲ್ಲ. ಒಲೆಯ ಸುರುಳಿಗಿಂತ ತಳ ಚಿಕ್ಕದಿರುವ ಪಾತ್ರೆ ಇಟ್ಟರೆ ಬಿಸಿಯಾಗಲು ಹೊತ್ತು ಹಿಡಿಯುತ್ತದೆ, ಕೆಲವೊಮ್ಮೆ ಒಲೆ ಕೂಗಿಕೊಂಡು ನಿಂತೇ ಹೋಗುತ್ತದೆ. ಬರೀ ಅಲ್ಯೂಮಿನಿಯಂ ಕುಕ್ಕರ್ ನಡೆಯುವುದೇ ಇಲ್ಲ. ತಳಕ್ಕೆ ಅಯಸ್ಕಾಂತ ಅಂಟಬೇಕು.

ನಿಮ್ಮ ಮನೆಗೆ ಬೇಕಾದ ಸೂತ್ರ ಇಲ್ಲೇ ಇದೆ. 90 ಗ್ರಾಂ ಗ್ಯಾಸ್ ಮುಕ್ಕಾಲು ಯೂನಿಟ್‌ಗೆ ಸಮ ಅಂದರೆ, ಒಂದು ಕಿಲೋ ಗ್ಯಾಸ್ ಸುಮಾರು 8.3 ಯೂನಿಟ್‌ಗೆ ಸಮ. ತೆರಿಗೆ, ಸರ್ಚಾರ್ಜ್ ಸೇರಿದ ಯೂನಿಟ್ ದರವನ್ನು 8.3ರಿಂದ ಗುಣಿಸಿ. ಬಂದದ್ದು ಕಿಲೋ ಗ್ಯಾಸ್ ಬೆಲೆಗಿಂತ ಜಾಸ್ತಿ ಇದ್ದರೆ ಗ್ಯಾಸೇ ಅಗ್ಗ. 2025ರಲ್ಲಿ ನಮ್ಮಲ್ಲಿ ₹55.60 ಬಂತು, ಗ್ಯಾಸ್ ₹63 ಇತ್ತು.

ಎಲೆಕ್ಟ್ರಿಕ್ ರೈಸ್ ಕುಕ್ಕರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಮ್ಮ ಅನ್ನಕ್ಕೆ ಕಾಲು ಯೂನಿಟ್‌ಗಿಂತ ಕಡಿಮೆ ತಗೊಳ್ಳುತ್ತದೆ. ಆದರೆ ಅನ್ನ ಆದ ಮೇಲೆ ‘ವಾರ್ಮ್’ನಲ್ಲಿ ಬಿಟ್ಟರೆ 40 ವಾಟ್ ಸುತ್ತಮುತ್ತ ನಡೆಯುತ್ತಲೇ ಇರುತ್ತದೆ. ಐದು ಗಂಟೆ ಬಿಟ್ಟರೆ ಇನ್ನೊಂದು ಸಲ ಅನ್ನ ಮಾಡಿದಷ್ಟೇ ಕರೆಂಟ್ ಹೋಯಿತು.

ಇನ್ನು ಗೃಹಜ್ಯೋತಿ. ಕರ್ನಾಟಕದಲ್ಲಿ ಈ ಲೆಕ್ಕವನ್ನೆಲ್ಲ ತಲೆಕೆಳಗು ಮಾಡುವುದು ಇದೇ. 2022-23ರ ನಿಮ್ಮ ಸರಾಸರಿ ಬಳಕೆಗೆ 10% ಸೇರಿಸಿದಷ್ಟು ಯೂನಿಟ್ ಉಚಿತ. ಅದನ್ನು ಮೀರಿದರೆ ಮೀರಿದ ಯೂನಿಟ್‌ಗೆ ಮಾತ್ರ ದುಡ್ಡು. ಒಟ್ಟು 200 ದಾಟಿದರೆ ಮಾತ್ರ ಪೂರ್ತಿ ಬಿಲ್ ನಮ್ಮದೇ.

ನಮ್ಮ ಸರಾಸರಿ 110, ಹಾಗಾಗಿ ಮಿತಿ 121. ಮಾಮೂಲಿ ತಿಂಗಳು 105 ಬಳಸುತ್ತೇವೆ. ಉಳಿದ 16 ಯೂನಿಟ್‌ನಲ್ಲಿ ಇಪ್ಪತ್ತೊಂದು ಊಟ ಪುಕ್ಕಟೆ ಆಗುತ್ತದೆ, ಅಲ್ವಾ! ಬೇಸಿಗೆಯಲ್ಲಿ ಫ್ಯಾನು, ಕೂಲರ್, ನೀರಿನ ಪಂಪು ಎಲ್ಲ ಸೇರಿ 145ಕ್ಕೆ ಏರುತ್ತದೆ. 2025ರ ದರದಲ್ಲಿ ಆಗ 24 ಯೂನಿಟ್‌ಗೆ ಸುಮಾರು ₹160 ಆಗುತ್ತಿತ್ತು. ಆ ತಿಂಗಳು ಎಲ್ಲ ಅಡುಗೆಯನ್ನೂ ಇಂಡಕ್ಷನ್‌ಗೆ ತಂದರೆ ಇನ್ನು 60 ಯೂನಿಟ್ ಸೇರಿ 205. ಅದೇ ವರ್ಷದ ದರದಲ್ಲಿ ಗ್ಯಾಸ್‌ನಲ್ಲಿ ಉಳಿಯುವುದು ಸುಮಾರು ₹450. ಬರುವ ಬಿಲ್? ಯೂನಿಟ್‌ಗಳದ್ದೇ ₹1,370. ಮೇಲೆ ಆ ವರ್ಷದ ನಿಗದಿತ ಶುಲ್ಕ ಕಿಲೋವಾಟ್‌ಗೆ ₹145, ನಮ್ಮ 3 ಕಿಲೋವಾಟ್‌ಗೆ ₹435. ಕೊನೆಯ ಐದು ಯೂನಿಟ್‌ಗೆ ಇಷ್ಟೆಲ್ಲ ತೆರಬೇಕು.

ಅದಕ್ಕೆ ಈಗ ಅನ್ನ, ಬೇಳೆ, ಹಾಲು ಇಂಡಕ್ಷನ್ ಮೇಲೆ. ಚಪಾತಿ, ರೊಟ್ಟಿ, ಒಗ್ಗರಣೆ ಗ್ಯಾಸ್ ಮೇಲೆ. ಹೋದ ಸಲದ ಬಿಲ್ ಫ್ರಿಜ್‌ಗೆ ಅಂಟಿಸಿದ್ದೇನೆ. ಬಿಲ್ ಬರುವ ವಾರ ಮೊದಲು ಮೆಟ್ಟಿಲ ಕೆಳಗಿನ ಮೀಟರ್ ನೋಡಿ, ಅದರಿಂದ ಆ ಬಿಲ್‌ನಲ್ಲಿರುವ ರೀಡಿಂಗ್ ಕಳೆಯುತ್ತೇನೆ. 160 ದಾಟಿದ್ದರೆ ಆ ವಾರವೆಲ್ಲ ಗ್ಯಾಸ್ ಒಲೆಯೇ.